ಮಾದರಿ ಕಳುಹಿಸಿ ವಾರಗಳಾದರೂ ಉತ್ತರ ಬಾರದಿದ್ದಾಗ: ಗ್ರಾಹಕರ ಅಭಿಪ್ರಾಯ ಕೇಳುವ ಪತ್ರವನ್ನು ಬರೆಯುವ ಕ್ರಮ

ಟ್ರಯಲ್ ಆರ್ಡರ್ ಪಡೆದು, ಮಾದರಿಗಳನ್ನು ತಯಾರಿಸಿ, ಕೊರಿಯರ್‌ನಲ್ಲಿ ಕಳುಹಿಸಿದ ಮೇಲೆ ನಾಲ್ಕೈದು ವಾರ ಗ್ರಾಹಕರಿಂದ ಒಂದು ಮಾತೂ ಬರದಿದ್ದರೆ, ತಯಾರಕರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪನ್ನು ಮಾಡುತ್ತಾರೆ. ಮಾದರಿ ಹಿಡಿಸಿಲ್ಲವೆಂದು ತಾವೇ ತೀರ್ಮಾನಿಸಿ ಸುಮ್ಮನಾಗುತ್ತಾರೆ, ಇಲ್ಲವೇ ‘ದಯವಿಟ್ಟು ತಮ್ಮ ಅಮೂಲ್ಯ ಅಭಿಪ್ರಾಯವನ್ನು ಆದಷ್ಟು ಬೇಗ ತಿಳಿಸಿ’ ಎಂಬ ಒಂದೇ ಸಾಲನ್ನು ವಾರಕ್ಕೊಮ್ಮೆ ಕಳುಹಿಸುತ್ತಾ ಹೋಗುತ್ತಾರೆ. ಆ ಸಾಲಿನಲ್ಲಿ ಅವಿನಯವೇನೂ ಇಲ್ಲ. ಆದರೆ ಅದಕ್ಕೆ ಉತ್ತರಿಸಬೇಕಾದರೆ ಓದುವವರು ಎದ್ದು ಹೋಗಿ ಮಾದರಿಯನ್ನು ಹುಡುಕಬೇಕು, ಯಾವುದರ ಬಗ್ಗೆ ಏನು ಹೇಳಬೇಕೆಂದು ತಾವೇ ಯೋಚಿಸಬೇಕು, ಬೇರೆ ವಿಭಾಗದವರನ್ನು ಕೇಳಬೇಕು, ಆಮೇಲೆ ಪತ್ರ ಬರೆಯಬೇಕು. ಅಷ್ಟು ಕೆಲಸವನ್ನು ಅವರು ನಾಳೆಗೆ ಮುಂದೂಡುವುದು ಸಹಜ. ಆದ್ದರಿಂದ ನಾವು ಬರೆಯುವ ಪತ್ರವು ಆ ಕೆಲಸದ ಬಹುಭಾಗವನ್ನು ಮೊದಲೇ ಮುಗಿಸಿಕೊಟ್ಟಿರಬೇಕು; ಕುರ್ಚಿಯಿಂದ ಏಳದೆ ಎರಡು ನಿಮಿಷದಲ್ಲಿ ಉತ್ತರಿಸುವಂತಿರಬೇಕು.

ಇದನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ಕ್ಯಾನ್ವಾಸ್ ಕೈಚೀಲ ಹೊಲಿಯುವ ಸಣ್ಣ ಘಟಕವೊಂದಕ್ಕೆ ಹಲವು ಮಳಿಗೆಗಳಿರುವ ಸಂಸ್ಥೆಯೊಂದು 60 ಚೀಲಗಳ ಟ್ರಯಲ್ ಆರ್ಡರ್ ಕೊಟ್ಟಿದೆ ಎಂದುಕೊಳ್ಳಿ. ಮೂರು ಬಗೆ, ಒಂದೊಂದರಲ್ಲಿ 20 ಚೀಲ. ‘ಎ’ ಎಂಬುದು 340 ಜಿಎಸ್‌ಎಂ, ಎಂದರೆ ಚದರ ಮೀಟರಿಗೆ 340 ಗ್ರಾಂ ತೂಕದ, ಬಣ್ಣ ಹಾಕದ ಬಟ್ಟೆಯದು. ‘ಬಿ’ ಅದೇ ತೂಕದ ಕಡುನೀಲಿ ಬಟ್ಟೆಯದು. ‘ಸಿ’ 270 ಜಿಎಸ್‌ಎಂನ ತೆಳು ಬಟ್ಟೆಯದು. ಪಾರ್ಸೆಲ್ ಮೇ 6ರಂದು ಹೊರಟು ಮೇ 10ರಂದು ತಲುಪಿದೆ. ಜೂನ್ 14 ಆದರೂ, ಎಂದರೆ ಸರಿಯಾಗಿ ಐದು ವಾರವಾದರೂ, ಉತ್ತರವಿಲ್ಲ. ನಡುವೆ ‘ಮಾದರಿ ತಲುಪಿತೇ?’ ಎಂದು ಕಳುಹಿಸಿದ ಒಂದು ಇಮೇಲ್‌ಗೂ ಪ್ರತಿಕ್ರಿಯೆ ಬಂದಿಲ್ಲ.

ಬರೆಯುವ ಮೊದಲು: ಮಾದರಿ ಈಗ ಯಾರ ಮೇಜಿನ ಮೇಲಿದೆ?

ಪತ್ರದ ಕರಡಿಗೆ ಕೈಹಾಕುವ ಮೊದಲು ಕೊರಿಯರ್‌ನವರ ಡೆಲಿವರಿ ದಾಖಲೆಯನ್ನು ತೆರೆದು ನೋಡಬೇಕು. ಅಲ್ಲಿ ‘ಡೆಲಿವರಿ ಆಗಿದೆ’ ಎಂಬುದಷ್ಟೇ ಅಲ್ಲದೆ, ಯಾರು ಸಹಿ ಹಾಕಿ ಪಡೆದರು ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಆ ಹೆಸರು ನಮ್ಮೊಂದಿಗೆ ಮಾತನಾಡಿದ ಖರೀದಿ ಅಧಿಕಾರಿಯದಾಗಿರುವುದು ಅಪರೂಪ. ಬಹಳ ಸಲ ಅದು ಗೇಟಿನ ಸೆಕ್ಯುರಿಟಿಯವರದೋ ಸ್ಟೋರ್ಸ್ ವಿಭಾಗದವರದೋ ಆಗಿರುತ್ತದೆ. ಪಾರ್ಸೆಲ್ ಕಟ್ಟಡದ ಒಳಗೆ ಬಂದಿದೆ, ಆದರೆ ನಿರ್ಧಾರ ಮಾಡುವವರ ಕೈಗೆ ಹೋಗಿಲ್ಲ ಎಂಬ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು.

ನನಗೇ ಇದು ಒಮ್ಮೆ ಆಗಿದೆ. ಆರು ವಾರ ಉತ್ತರವಿಲ್ಲದ ಒಂದು ಪಾರ್ಸೆಲ್‌ನ ಬಗ್ಗೆ ನಾನು ಬೆಲೆ ಹೆಚ್ಚಾಯಿತೇನೋ ಎಂದು ಕೊರಗಿ, ಕಡಿಮೆ ದರದ ಹೊಸ ಕೊಟೇಶನ್ ಕೂಡ ಸಿದ್ಧಪಡಿಸಿದ್ದೆ. ಕೊನೆಗೆ ಫೋನ್ ಮಾಡಿದಾಗ, ಪೆಟ್ಟಿಗೆಯ ಮೇಲೆ ಆರ್ಡರ್ ಸಂಖ್ಯೆ ಮಾತ್ರ ಇದ್ದು ವ್ಯಕ್ತಿಯ ಹೆಸರು ಇಲ್ಲದಿದ್ದುದರಿಂದ ಅದು ಸ್ಟೋರ್ಸ್‌ನಲ್ಲಿ ಬೇರೆ ಸರಕಿನ ಜೊತೆ ಸೇರಿಕೊಂಡಿತ್ತು ಎಂದು ತಿಳಿಯಿತು. ಬೆಲೆಯನ್ನು ಯಾರೂ ನೋಡಿಯೇ ಇರಲಿಲ್ಲ. ಆ ದಿನದಿಂದ ಮಾದರಿಯ ಪೆಟ್ಟಿಗೆಯ ಮೇಲೆ ‘ಮಾದರಿ, ಮಾರಾಟಕ್ಕಲ್ಲ’ ಎಂದೂ, ಪಡೆಯಬೇಕಾದವರ ಹೆಸರು ಮತ್ತು ವಿಭಾಗವನ್ನೂ ದಪ್ಪಕ್ಷರದಲ್ಲಿ ಬರೆಸುತ್ತೇನೆ.

ಮೌನಕ್ಕೆ ಬೇರೆ ಕಾರಣಗಳೂ ಇರುತ್ತವೆ. ಮಾದರಿ ಕ್ವಾಲಿಟಿ ವಿಭಾಗದಲ್ಲಿ ಒಗೆತದ ಪರೀಕ್ಷೆಯ ಸರದಿಯಲ್ಲಿರಬಹುದು. ನಮ್ಮ ಗ್ರಾಹಕರು ತಮ್ಮ ಗ್ರಾಹಕರ ತೀರ್ಮಾನಕ್ಕಾಗಿ ಕಾಯುತ್ತಿರಬಹುದು. ಆರ್ಡರ್ ಕೊಟ್ಟ ಅಧಿಕಾರಿ ಬೇರೆ ಹುದ್ದೆಗೆ ಹೋಗಿರಬಹುದು. ಇವಲ್ಲದೆ, ಮಾದರಿ ಹಿಡಿಸದಿದ್ದರೂ ಹಾಗೆಂದು ಹೇಳಲು ಸಂಕೋಚಪಡುತ್ತಿರಬಹುದು. ಈ ಕೊನೆಯ ಕಾರಣವನ್ನು ನಾವು ದಾಖಲೆ ನೋಡಿ ತಿಳಿಯಲಾರೆವು. ಆದ್ದರಿಂದಲೇ ಪತ್ರದಲ್ಲಿ ‘ಬೇಡ’ ಎನ್ನುವುದಕ್ಕೂ ಸುಲಭವಾದ ದಾರಿಯನ್ನು ಬಿಡಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನಿಮ್ಮ ಬಳಿ ಉಳಿದ ಮಾದರಿಯನ್ನು ನೀವೇ ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಅನುಭವದಲ್ಲಿ ಪತ್ರಕ್ಕೆ ಜೀವ ಬರುವುದೂ ಇದರಿಂದಲೇ. ಮಾದರಿ ಕಳುಹಿಸುವಾಗ ಅದೇ ಲಾಟಿನ ಎರಡು ಮೂರು ತುಂಡುಗಳನ್ನು ನಮ್ಮಲ್ಲೇ ಇರಿಸಿಕೊಳ್ಳುವುದು ಈ ಕಸುಬಿನ ರೂಢಿ. ಗ್ರಾಹಕರು ಫೋನಿನಲ್ಲಿ ‘ಹಿಡಿಯ ಬಳಿ ಹೊಲಿಗೆ ಸಡಿಲ’ ಎಂದರೆ ನಾವೂ ಅದೇ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಬೇಕಲ್ಲ. ಪತ್ರ ಬರೆಯುವ ಮುನ್ನ ಆ ತುಂಡುಗಳಲ್ಲಿ ಒಂದನ್ನು ಗ್ರಾಹಕರು ಬಳಸಬಹುದಾದ ರೀತಿಯಲ್ಲಿ ಬಳಸಿ ನೋಡಬೇಕು.

ನಮ್ಮ ಉದಾಹರಣೆಯಲ್ಲಿ ಘಟಕದವರು ‘ಎ’ ಬಗೆಯ ಒಂದು ಚೀಲವನ್ನು ಒಗೆದು, ಹಿಂಡದೆ ಒಣಗಿಸಿ, ಅಳೆದರು. ಮೊದಲು 42 ಸೆಂಟಿಮೀಟರ್ ಇದ್ದ ಎತ್ತರ 40ಕ್ಕೆ ಇಳಿದಿತ್ತು. 38 ಇದ್ದ ಅಗಲ 37 ಆಗಿತ್ತು. ಎತ್ತರದಲ್ಲಿ ಹೆಚ್ಚುಕಡಿಮೆ ಶೇಕಡಾ 5ರಷ್ಟು ಕುಗ್ಗಿದೆ ಎಂದಾಯಿತು. ಚೀಲದ ಎತ್ತರವು ಬಟ್ಟೆಯ ಹಾಸಿನ, ಎಂದರೆ ಉದ್ದನೆಯ ನೂಲಿನ, ದಿಕ್ಕಿನಲ್ಲಿತ್ತು. ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತಾರೆ. ನೀರು ಬಿದ್ದಾಗ ಆ ಬಿಗಿತ ಸಡಿಲಗೊಂಡು ಬಟ್ಟೆ ಆ ದಿಕ್ಕಿನಲ್ಲೇ ಹೆಚ್ಚು ಕುಗ್ಗುತ್ತದೆ. ಮೊದಲೇ ಕುಗ್ಗಿಸಿದ ಬಟ್ಟೆಯನ್ನು ಬಳಸಿದರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ‘ಬಿ’ ಬಗೆಯ ಚೀಲದಲ್ಲಿ ಇನ್ನೊಂದು ಸಂಗತಿ ಕಂಡಿತು: ಕಡುನೀಲಿ ಬಣ್ಣವು ಮೊದಲ ಒಗೆತದಲ್ಲಿ ಬಿಳಿ ಹಿಡಿಯ ಬುಡಕ್ಕೆ ತುಸು ಅಂಟಿಕೊಂಡಿತ್ತು.

ಇವೆರಡನ್ನೂ ಗ್ರಾಹಕರು ಆಗಲೇ ಕಂಡಿರಬಹುದು. ಕಂಡು, ಹೇಗೆ ಹೇಳುವುದೆಂದು ಸುಮ್ಮನಿರಬಹುದು. ನಾವೇ ಮೊದಲು ಹೇಳಿದರೆ ಅವರ ಸಂಕೋಚ ಕರಗುತ್ತದೆ. ಅದರ ಜೊತೆಗೆ, ಪತ್ರ ಬರೆಯಲು ನಮಗೊಂದು ನಿಜವಾದ ಕಾರಣ ಸಿಗುತ್ತದೆ. ‘ಜ್ಞಾಪಿಸಲು ಬರೆಯುತ್ತಿದ್ದೇನೆ’ ಎಂಬುದಕ್ಕೂ ‘ಒಗೆದು ನೋಡಿದೆವು, ಕಂಡದ್ದನ್ನು ತಿಳಿಸಲು ಬರೆಯುತ್ತಿದ್ದೇನೆ’ ಎಂಬುದಕ್ಕೂ ಓದುವವರ ಮನಸ್ಸಿನಲ್ಲಿ ಬಹಳ ಅಂತರವಿದೆ. ಆದರೆ ಕಂಡ ದೋಷವನ್ನು ಹೇಳಿದ ಮೇಲೆ ಅದಕ್ಕೆ ಏನು ಮಾಡಬಲ್ಲೆವು ಎಂಬುದನ್ನೂ ಅದರ ಬೆನ್ನಿಗೇ ಹೇಳಬೇಕು. ಬರೀ ದೋಷವನ್ನು ಒಪ್ಪಿಕೊಂಡು ನಿಲ್ಲಿಸಿದರೆ ಅವರಿಗೆ ಮಾದರಿಯನ್ನು ತಿರಸ್ಕರಿಸಲು ನಾವೇ ಕಾರಣ ಒದಗಿಸಿದಂತಾಗುತ್ತದೆ.

ಪ್ರಶ್ನೆಗಳನ್ನು ಆರಿಸುವುದು

‘ಮಾದರಿ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹತ್ತು ಹದಿನೈದು ಪ್ರಶ್ನೆಗಳ ನಮೂನೆಯನ್ನು ಲಗತ್ತಿಸಿದರೆ ಅದನ್ನು ತೆರೆಯುವವರೇ ಇಲ್ಲ. ಮೂರು ಪ್ರಶ್ನೆ ಸಾಕು. ಅವುಗಳನ್ನು ಆರಿಸುವಾಗ ನನ್ನ ನಿಯಮ ಒಂದೇ: ಆ ಪ್ರಶ್ನೆಗೆ ಬರುವ ಉತ್ತರದಿಂದ ನನ್ನ ಮುಂದಿನ ಕೆಲಸ ಬದಲಾಗಬೇಕು. ಬದಲಾಗದಿದ್ದರೆ ಆ ಪ್ರಶ್ನೆಯನ್ನು ಈಗ ಕೇಳುವ ಅಗತ್ಯವಿಲ್ಲ.

ಮೊದಲನೆಯದು ಮಾದರಿ ಯಾವ ಹಂತದಲ್ಲಿದೆ ಎಂಬುದು: ತಮ್ಮ ಕೈಸೇರಿದೆಯೇ, ಯಾರಾದರೂ ಬಳಸಿ ನೋಡಿದ್ದಾರೆಯೇ. ಎರಡನೆಯದು ಆಯ್ಕೆ: ಮೂರರಲ್ಲಿ ಯಾವುದನ್ನು ಮುಂದುವರಿಸುವ ಯೋಚನೆಯಿದೆ. ಮೂರನೆಯದು ಅಡ್ಡಿ: ಯಾವುದಾದರೂ ಸರಿಹೋಗದಿದ್ದರೆ ಅದಕ್ಕೆ ಕಾರಣ ಬಟ್ಟೆಯೋ, ಹೊಲಿಗೆಯೋ, ಅಳತೆಯೋ, ದರವೋ, ಪೂರೈಕೆಯ ಅವಧಿಯೋ. ಮೂರನೆಯದನ್ನು ಹೀಗೆ ಬಿಡಿಸಿ ಕೇಳುವುದಕ್ಕೆ ಕಾರಣವಿದೆ. ‘ಏನಾದರೂ ತೊಂದರೆಯಿದ್ದರೆ ತಿಳಿಸಿ’ ಎಂದರೆ ಓದುವವರು ದೂರನ್ನು ತಾವೇ ಮಾತಿನಲ್ಲಿ ಕಟ್ಟಬೇಕು. ಐದು ಪದಗಳಲ್ಲಿ ಒಂದನ್ನು ಆರಿಸಿ ಎಂದರೆ ಸೌಜನ್ಯ ಕೆಡದೆ ‘ದರ’ ಎಂದೊಂದು ಪದ ಬರೆದು ಮುಗಿಸಬಹುದು. ಅದರ ಜೊತೆಗೆ ‘ಸದ್ಯಕ್ಕೆ ಬೇಡ’ ಎಂಬುದನ್ನೂ ಆಯ್ಕೆಗಳ ಸಾಲಿನಲ್ಲೇ ಇಡಬೇಕು. ಹೀಗೆ ಮಾಡಿದರೆ ‘ಬೇಡ’ ಎಂದೇ ಬರುತ್ತದಲ್ಲ ಎಂದು ಕೆಲವರು ಹೆದರುತ್ತಾರೆ. ಬಂದರೆ ಬರಲಿ, ಅದು ಆಗಲೇ ಅವರ ಮನಸ್ಸಿನಲ್ಲಿದ್ದ ಉತ್ತರ, ನಮಗೆ ತಿಳಿದಿರಲಿಲ್ಲ ಅಷ್ಟೆ.

ದಿನಾಂಕವನ್ನು ಕೊಡಿ, ಆದರೆ ನಿಜವಾದದ್ದನ್ನು ಕೊಡಿ

‘ಆದಷ್ಟು ಬೇಗ’ ಎಂಬುದು ದಿನಾಂಕವಲ್ಲ. ಇಂಥ ದಿನದೊಳಗೆ ಎಂದು ಹೇಳಬೇಕು, ಆ ದಿನವೇ ಏಕೆ ಎಂಬುದನ್ನೂ ಹೇಳಬೇಕು. ಉದಾಹರಣೆಯ ಘಟಕದಲ್ಲಿ, ಮಾದರಿಗೆ ಬಳಸಿದ ಲಾಟಿನದೇ 600 ಮೀಟರ್ ಬಟ್ಟೆಯನ್ನು ಮಿಲ್ಲಿನವರು ಜೂನ್ 28ರ ತನಕ ಕಾಯ್ದಿರಿಸಿದ್ದಾರೆ. ಅನಂತರ ಅದು ಬೇರೆಯವರಿಗೆ ಹೋದರೆ ಹೊಸ ಲಾಟಿನಲ್ಲಿ ಬಟ್ಟೆಯ ಛಾಯೆ ತುಸು ಬೇರೆಯಾಗಬಹುದು. ಇದು ಗ್ರಾಹಕರಿಗೂ ಸಂಬಂಧಿಸಿದ ಕಾರಣ. ಮಿಲ್ಲಿಗೆ ತಿಳಿಸಲು ನಾಲ್ಕು ದಿನ ಕೈಯಲ್ಲಿ ಇಟ್ಟುಕೊಂಡು, ಪತ್ರದಲ್ಲಿ ಜೂನ್ 24 ಎಂದು ಕೇಳಬಹುದು. ಇಂಥ ಕಾರಣವಿಲ್ಲದಿದ್ದರೆ ಇಲ್ಲದ ಗಡುವನ್ನು ಸೃಷ್ಟಿಸಬಾರದು. ಗಡುವು ಮುಗಿದ ಮರುವಾರವೂ ಅದೇ ದರ, ಅದೇ ಬಟ್ಟೆ ಸಿಗುತ್ತದೆಂದು ಒಮ್ಮೆ ಗೊತ್ತಾದರೆ ನಮ್ಮ ಮುಂದಿನ ಯಾವ ದಿನಾಂಕವನ್ನೂ ಅವರು ನಂಬುವುದಿಲ್ಲ. ಕಾರಣವಿಲ್ಲದಾಗ ‘ಮುಂದಿನ ತಿಂಗಳ ಕೆಲಸದ ಯೋಜನೆಯನ್ನು ಈ ವಾರಾಂತ್ಯದಲ್ಲಿ ಮಾಡುತ್ತಿದ್ದೇವೆ’ ಎಂಬಂಥ ಸರಳ ಸತ್ಯವೇ ಸಾಕು, ಅದು ಸತ್ಯವಾಗಿದ್ದರೆ.

ಇನ್ನೊಂದು ಎಚ್ಚರಿಕೆ. ‘ಇಂಥ ದಿನದೊಳಗೆ ಉತ್ತರ ಬಾರದಿದ್ದರೆ ಮಾದರಿಗೆ ಒಪ್ಪಿಗೆಯಿದೆಯೆಂದು ಭಾವಿಸುತ್ತೇವೆ’ ಎಂದು ಎಂದಿಗೂ ಬರೆಯಬೇಡಿ. ಮೌನವನ್ನು ಒಪ್ಪಿಗೆ ಎಂದುಕೊಂಡು ಬಟ್ಟೆ ಕತ್ತರಿಸಿದರೆ, ಸರಕು ತಿರಸ್ಕೃತವಾದ ದಿನ ನಮ್ಮ ಕೈಯಲ್ಲಿ ಸಹಿ ಮಾಡಿದ ಮಾದರಿಯೂ ಇರುವುದಿಲ್ಲ, ಬರಹದಲ್ಲಿ ಒಪ್ಪಿಗೆಯೂ ಇರುವುದಿಲ್ಲ.

ಪತ್ರ

ಹೊಸ ಇಮೇಲ್ ಬರೆಯುವ ಬದಲು, ಆರ್ಡರ್ ಬಂದ ಹಳೆಯ ಇಮೇಲ್‌ಗೇ ಉತ್ತರವಾಗಿ ಬರೆಯುವುದು ಉತ್ತಮ. ಆಗ ಅಳತೆ, ದರ, ಹಿಂದಿನ ಮಾತುಕತೆ ಎಲ್ಲವೂ ಕೆಳಗೆ ಇರುತ್ತದೆ, ಹೊಸ ಅಧಿಕಾರಿಗೆ ಕಳುಹಿಸಿದರೂ ಅವರಿಗೆ ಹಿನ್ನೆಲೆ ತಿಳಿಯುತ್ತದೆ. ವಿಷಯದ ಸಾಲಿನಲ್ಲಿ ‘ಜ್ಞಾಪನೆ’, ‘ತುರ್ತು’ ಎಂಬ ಪದಗಳ ಬದಲು ವಸ್ತು, ಸಂಖ್ಯೆ ಮತ್ತು ದಿನಾಂಕ ಇರಲಿ. ನಮ್ಮ ಘಟಕದವರ ಪತ್ರ ಹೀಗಿರಬಹುದು:

> ವಿಷಯ: 60 ಕ್ಯಾನ್ವಾಸ್ ಚೀಲಗಳ ಮಾದರಿ (ಎ, ಬಿ, ಸಿ): ಮೂರು ಪ್ರಶ್ನೆ, ಜೂನ್ 24ರೊಳಗೆ
>
> ಮಾನ್ಯರೇ,
>
> ತಮ್ಮ ಟ್ರಯಲ್ ಆರ್ಡರ್‌ನಂತೆ ಮೇ 6ರಂದು ಕಳುಹಿಸಿದ 60 ಚೀಲಗಳು ಮೇ 10ರಂದು ತಮ್ಮ ಕಚೇರಿಯ ಗೇಟಿನಲ್ಲಿ ಸ್ವೀಕೃತವಾಗಿವೆ ಎಂದು ಕೊರಿಯರ್ ದಾಖಲೆ ತಿಳಿಸುತ್ತದೆ. ಸಹಿಯ ಪ್ರತಿಯನ್ನೂ ಮೂರು ಬಗೆಯ ಚೀಲಗಳ ಒಂದು ಫೋಟೋವನ್ನೂ ಲಗತ್ತಿಸಿದ್ದೇನೆ.
>
> ನಮ್ಮಲ್ಲಿ ಇರಿಸಿಕೊಂಡಿದ್ದ ಅದೇ ಲಾಟಿನ ಚೀಲಗಳನ್ನು ಈ ವಾರ ಒಗೆದು ನೋಡಿದೆವು. ‘ಎ’ ಚೀಲದ ಎತ್ತರ 42 ಸೆಂಟಿಮೀಟರಿನಿಂದ 40ಕ್ಕೆ ಇಳಿಯಿತು. ದೊಡ್ಡ ಆರ್ಡರ್‌ನಲ್ಲಿ ಮೊದಲೇ ಕುಗ್ಗಿಸಿದ ಬಟ್ಟೆಯನ್ನು ಬಳಸಿ ಇದನ್ನು ಸರಿಪಡಿಸಬಲ್ಲೆವು. ‘ಬಿ’ ಚೀಲದ ನೀಲಿ ಬಣ್ಣ ಬಿಳಿ ಹಿಡಿಗೆ ತುಸು ಅಂಟಿತು. ಹಿಡಿಯನ್ನೂ ನೀಲಿ ಬಟ್ಟೆಯಲ್ಲೇ ಮಾಡಬಹುದು, ಅಥವಾ ಬಣ್ಣದ ವಿಧಾನವನ್ನು ಬದಲಿಸಿ ಹೊಸ ಮಾದರಿ ಕಳುಹಿಸಬಹುದು.
>
> ಕೆಳಗಿನ ಮೂರು ಪ್ರಶ್ನೆಗಳಿಗೆ ಒಂದೊಂದು ಪದದಲ್ಲಿ ಉತ್ತರಿಸಿದರೂ ಸಾಕು.
>
> 1. ಚೀಲಗಳು ತಮ್ಮ ಕೈಸೇರಿವೆಯೇ? (ಸೇರಿವೆ / ಇಲ್ಲ / ಪರೀಕ್ಷೆಯಲ್ಲಿವೆ)
> 2. ಯಾವುದನ್ನು ಮುಂದುವರಿಸುವ ಯೋಚನೆಯಿದೆ? (ಎ / ಬಿ / ಸಿ / ಸದ್ಯಕ್ಕೆ ಯಾವುದೂ ಬೇಡ)
> 3. ಯಾವುದಾದರೂ ಸರಿಹೋಗದಿದ್ದರೆ ಮುಖ್ಯ ಕಾರಣ? (ಬಟ್ಟೆ / ಹೊಲಿಗೆ / ಅಳತೆ / ದರ / ಅವಧಿ)
>
> ಈ ಮಾದರಿಗಳ ಲಾಟಿನದೇ 600 ಮೀಟರ್ ಬಟ್ಟೆಯನ್ನು ಮಿಲ್ಲಿನವರು ಜೂನ್ 28ರವರೆಗೆ ನಮಗಾಗಿ ಕಾಯ್ದಿರಿಸಿದ್ದಾರೆ. ಜೂನ್ 24ರೊಳಗೆ ತಮ್ಮಿಂದ ತಿಳಿದರೆ ಅದನ್ನು ಉಳಿಸಿಕೊಳ್ಳಬೇಕೇ ಬಿಡಬೇಕೇ ಎಂದು ತೀರ್ಮಾನಿಸುತ್ತೇವೆ. ಈ ವಿಷಯವನ್ನು ಈಗ ಬೇರೊಬ್ಬರು ನೋಡಿಕೊಳ್ಳುತ್ತಿದ್ದರೆ ದಯವಿಟ್ಟು ಈ ಪತ್ರವನ್ನು ಅವರಿಗೆ ಕಳುಹಿಸಿ.
>
> ವಂದನೆಗಳೊಂದಿಗೆ,

ಪತ್ರದ ಕೆಲವು ಸಣ್ಣ ವಿಷಯಗಳನ್ನು ಗಮನಿಸಬೇಕು. ‘ಇದುವರೆಗೂ ತಮ್ಮಿಂದ ಉತ್ತರ ಬಂದಿಲ್ಲ’ ಎಂಬ ವಾಕ್ಯ ಇದರಲ್ಲಿ ಎಲ್ಲಿಯೂ ಇಲ್ಲ. ಎರಡು ದಿನಾಂಕಗಳೇ ಅದನ್ನು ಹೇಳಿವೆ. ‘ಹಲವು ಬಾರಿ ಜ್ಞಾಪಿಸಿದರೂ’ ಎಂಬ ಮಾತು ಕಚೇರಿಯ ಕನ್ನಡದಲ್ಲಿ ನಮಗೆ ಎಷ್ಟು ಸಲೀಸಾಗಿ ಬರುತ್ತದೆಂದರೆ ಅದರಲ್ಲಿ ಆಪಾದನೆಯಿದೆ ಎಂಬುದೇ ಮರೆತುಹೋಗುತ್ತದೆ; ಓದುವವರಿಗೆ ಮಾತ್ರ ಅದು ಮೊದಲು ಕಾಣುತ್ತದೆ. ‘ತಾವು’ ಎಂದು ಶುರುಮಾಡಿದ ಮೇಲೆ ಕೊನೆಯವರೆಗೂ ‘ತಾವು’ ಎಂದೇ ಇರಬೇಕು. ನಡುವೆ ‘ನೀವು’ ನುಸುಳಿದರೆ ಎರಡು ಹಳೆಯ ಪತ್ರಗಳನ್ನು ಸೇರಿಸಿ ಅಂಟಿಸಿದಂತೆ ತೋರುತ್ತದೆ. ಗ್ರಾಹಕರೊಂದಿಗೆ ಮೊದಲಿನಿಂದಲೂ ‘ನೀವು’ ಎಂದು ಮಾತನಾಡುವ ಸಲಿಗೆಯಿದ್ದರೆ ಪತ್ರದಲ್ಲೂ ಹಾಗೆಯೇ ಬರೆಯಬೇಕು, ಏಕಾಏಕಿ ‘ತಾವು’ ಎಂದರೆ ಮುನಿಸಿಕೊಂಡಂತೆ ಕೇಳುತ್ತದೆ.

ಫೋಟೋದ ಬಗ್ಗೆ ಒಂದು ಮಾತು. ಮೂರು ಚೀಲಗಳನ್ನು ಪಕ್ಕಪಕ್ಕದಲ್ಲಿಟ್ಟು, ಎ, ಬಿ, ಸಿ ಎಂಬ ಚೀಟಿಗಳು ಓದಲು ಬರುವಂತೆ ಒಂದೇ ಚಿತ್ರ ತೆಗೆಯಬೇಕು. ಐದು ವಾರಗಳ ನಂತರ ‘ಬಿ’ ಯಾವುದೆಂದು ಅವರಿಗೆ ನೆನಪಿರಲಿ ಎಂದು ನಿರೀಕ್ಷಿಸಬಾರದು. ಮಾದರಿಯ ಮೇಲಿದ್ದ ಚೀಟಿ ಕಳಚಿಹೋಗಿದ್ದರಂತೂ ಈ ಚಿತ್ರವಿಲ್ಲದೆ ಅವರು ಉತ್ತರ ಬರೆಯಲಾರರು.

ಬಾಕಿ ಬಿಲ್ಲಿನ ವಿಷಯವನ್ನು ಈ ಪತ್ರದಲ್ಲಿ ಸೇರಿಸಲೇಬಾರದು. ಟ್ರಯಲ್ ಆರ್ಡರ್‌ನ ಹಣ ಬರಬೇಕಿದ್ದರೆ ಲೆಕ್ಕಪತ್ರ ವಿಭಾಗಕ್ಕೆ ಬೇರೆಯೇ ಪತ್ರ ಹೋಗಲಿ. ಎರಡನ್ನೂ ಬೆರೆಸಿದರೆ ಪತ್ರ ಬಿಲ್ಲಿನ ಕಡತಕ್ಕೆ ಹೋಗುತ್ತದೆ, ಪ್ರಶ್ನೆಗಳು ಅಲ್ಲೇ ಉಳಿಯುತ್ತವೆ. ಹಾಗೆಯೇ ಕೇಳದಿದ್ದರೂ ದರ ಇಳಿಸಿ ಬರೆಯುವುದೂ ಬೇಡ. ಅಡ್ಡಿ ದರದಲ್ಲೇ ಇದೆಯೆಂಬುದು ಇನ್ನೂ ತಿಳಿದಿಲ್ಲ.

ಇದಕ್ಕೂ ಉತ್ತರ ಬಾರದಿದ್ದರೆ

ಕೇಳಿದ ದಿನಾಂಕ ದಾಟುವ ತನಕ ಕಾಯಬೇಕು. ನಡುವೆ ಇನ್ನೊಂದು ಇಮೇಲ್ ಕಳುಹಿಸಿದರೆ ನಾವೇ ಕೊಟ್ಟ ದಿನಾಂಕಕ್ಕೆ ಬೆಲೆಯಿಲ್ಲದಂತಾಗುತ್ತದೆ. ಜೂನ್ 25ರಂದು ಫೋನ್ ಮಾಡುವುದು ಸರಿಯಾದ ಮುಂದಿನ ಹೆಜ್ಜೆ. ಆ ಕರೆಯಲ್ಲಿ ಅಭಿಪ್ರಾಯ ಕೇಳಬಾರದು, ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳಬೇಕು: ‘ಚೀಲಗಳು ತಮ್ಮ ಬಳಿ ಇವೆಯೇ ಸರ್, ಅಥವಾ ಇದನ್ನು ಈಗ ಬೇರೆ ಯಾರಾದರೂ ನೋಡುತ್ತಿದ್ದಾರೆಯೇ?’ ತಟ್ಟನೆ ಅಭಿಪ್ರಾಯ ಕೇಳಿದರೆ ಅವರು ಮಾತು ಮುಗಿಸಲು ‘ನೋಡಿ ಹೇಳುತ್ತೇವೆ’ ಎನ್ನುತ್ತಾರೆ. ಎಲ್ಲಿದೆ ಎಂದು ಕೇಳಿದರೆ ಸಾಮಾನ್ಯವಾಗಿ ನಿಜ ಹೊರಬರುತ್ತದೆ. ಬೇರೊಬ್ಬರ ಹೆಸರು ಸಿಕ್ಕಿದರೆ ಅವರಿಗೆ ಅದೇ ಪತ್ರವನ್ನು, ಮೊದಲಿನವರಿಗೆ ಒಂದು ಪ್ರತಿಯೊಂದಿಗೆ, ಕಳುಹಿಸಬೇಕು. ಮೊದಲಿನವರನ್ನು ಬಿಟ್ಟು ಅವರ ಮೇಲಧಿಕಾರಿಗೆ ನೇರವಾಗಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಒಂದು ಉತ್ತರ ಬಂದೀತು, ಆದರೆ ಮುಂದೆ ದಿನವೂ ವ್ಯವಹರಿಸಬೇಕಾದವರು ದೂರವಾಗುತ್ತಾರೆ.

ಫೋನ್ ಎತ್ತದಿದ್ದರೆ, ಬಟ್ಟೆಯ ಕಾಯ್ದಿರಿಸುವಿಕೆ ಮುಗಿದ ಮೇಲೆ ಒಂದು ಕೊನೆಯ ಪತ್ರ ಬರೆಯಬೇಕು. ಅದರಲ್ಲಿ ಪ್ರಶ್ನೆಯಿಲ್ಲ, ಮಾಹಿತಿ ಮಾತ್ರ ಇರುತ್ತದೆ:

> ಮಾನ್ಯರೇ, ಚೀಲಗಳ ಬಟ್ಟೆಯ ಕಾಯ್ದಿರಿಸುವಿಕೆಯನ್ನು ಜೂನ್ 28ರಂದು ಬಿಟ್ಟುಕೊಟ್ಟಿದ್ದೇವೆ. ಎ, ಬಿ, ಸಿ ಮಾದರಿಗಳ ಒಂದೊಂದು ಚೀಲವನ್ನೂ ಅವುಗಳ ಕಟಿಂಗ್ ಅಳತೆಯ ಹಾಳೆಯನ್ನೂ ಒಂದು ವರ್ಷ ನಮ್ಮಲ್ಲಿ ಇರಿಸಿರುತ್ತೇವೆ. ಮುಂದೆ ಅಗತ್ಯವಾದಾಗ ಮಾದರಿಯ ಅಕ್ಷರವನ್ನು ತಿಳಿಸಿದರೆ ಸಾಕು. ಬಟ್ಟೆ ಹೊಸ ಲಾಟಿನದಾಗುವುದರಿಂದ ಛಾಯೆಯ ತುಂಡನ್ನು ಮೊದಲು ಕಳುಹಿಸಿ, ಆ ದಿನದ ದರವನ್ನು ತಿಳಿಸುತ್ತೇವೆ.

ಈ ಪತ್ರದಲ್ಲಿ ಬೇಸರದ ಒಂದು ಪದವೂ ಇರಬಾರದು. ಎಷ್ಟೋ ಉತ್ತರಗಳು ಈ ಕೊನೆಯ ಪತ್ರಕ್ಕೇ ಬರುತ್ತವೆ, ಏಕೆಂದರೆ ನಾವು ಇನ್ನು ಕೇಳುವುದಿಲ್ಲವೆಂದು ತಿಳಿದ ಮೇಲೆ ಉತ್ತರಿಸುವವರ ಮೇಲಿನ ಒತ್ತಡ ಇಳಿಯುತ್ತದೆ. ಬಾರದಿದ್ದರೂ, ಎಂಟು ತಿಂಗಳ ನಂತರ ಅವರು ಹಳೆಯ ಇಮೇಲ್ ಹುಡುಕಿದಾಗ ಮೊದಲು ಸಿಗುವುದು ಇದೇ.

ಉತ್ತರ ಬಂದಾಗ

ಮೊದಲ ಉತ್ತರ ಸಾಮಾನ್ಯವಾಗಿ ಅರೆಬರೆಯಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ‘1. ಸೇರಿವೆ. 2. ಎ. 3. ಅಳತೆ, ತುಂಬಾ ಕುಗ್ಗುತ್ತದೆ’ ಎಂದು ಬಂತು ಎನ್ನೋಣ. ಇಲ್ಲಿ ಸಮರ್ಥಿಸಿಕೊಳ್ಳಲು ಹೊರಡಬಾರದು. ‘ತುಂಬಾ’ ಎಂದರೆ ಎಷ್ಟು ಎಂಬುದನ್ನು ತಿಳಿಯಬೇಕು. ಒಗೆದದ್ದು ತಣ್ಣೀರಿನಲ್ಲೋ ಬಿಸಿನೀರಿನಲ್ಲೋ, ಒಣಗಿಸಿದ್ದು ನೆರಳಿನಲ್ಲೋ ಯಂತ್ರದಲ್ಲೋ, ಒಗೆದ ಮೇಲೆ ಎತ್ತರ ಎಷ್ಟು ಸೆಂಟಿಮೀಟರ್ ಬಂತು ಎಂದು ಕೇಳಿ, ಚೀಲದ ಪಕ್ಕ ಅಳತೆಪಟ್ಟಿಯಿಟ್ಟು ತೆಗೆದ ಒಂದು ಫೋಟೋ ಕಳುಹಿಸಲು ವಿನಂತಿಸಬೇಕು. ಅವರಲ್ಲಿ 42 ಸೆಂಟಿಮೀಟರ್ 38.5ಕ್ಕೆ ಇಳಿದಿದ್ದರೆ ಅದು ಶೇಕಡಾ 8ಕ್ಕೂ ಹೆಚ್ಚು. ನಮ್ಮಲ್ಲಿ ಕಂಡದ್ದು 5ರಷ್ಟು. ಆ ಅಂತರ ಯಂತ್ರದ ಬಿಸಿಯಲ್ಲಿ ಒಣಗಿಸಿದ್ದರಿಂದ ಬಂದಿರಬಹುದು. ಹಾಗಿದ್ದರೂ ‘ಹಾಗೆ ಒಣಗಿಸಬಾರದು’ ಎಂದು ಉತ್ತರಿಸುವುದು ಸರಿಯಲ್ಲ, ಏಕೆಂದರೆ ಚೀಲ ಕೊಂಡವರು ನಾಳೆ ಹಾಗೆಯೇ ಒಣಗಿಸುತ್ತಾರೆ. ಮೊದಲೇ ಕುಗ್ಗಿಸಿದ ಬಟ್ಟೆಯಲ್ಲಿ ಎರಡು ಚೀಲ ಹೊಲಿದು, ಒಂದನ್ನು ನಾವೇ ಯಂತ್ರದಲ್ಲಿ ಒಣಗಿಸಿ ಅಳೆದು, ಆ ಅಂಕಿಯೊಂದಿಗೆ ಇನ್ನೊಂದನ್ನು ಕಳುಹಿಸಬೇಕು. ಈ ಸಲ ಪೆಟ್ಟಿಗೆಯ ಮೇಲೆ ಅವರ ಹೆಸರಿರಲಿ, ಒಳಗೆ ಅದೇ ಮೂರು ಪ್ರಶ್ನೆಗಳ ಒಂದು ಚೀಟಿಯಿರಲಿ.

‘ಬೇಡ’ ಎಂದೇ ಬಂದರೆ, ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದೆಯೇ ಎಂದು ನೋಡಿ, ಸಿಕ್ಕಿದ್ದರೆ ಎರಡು ಸಾಲಿನಲ್ಲಿ ಕೃತಜ್ಞತೆ ತಿಳಿಸಿ ನಿಲ್ಲಿಸಬೇಕು. ಸಿಗದಿದ್ದರೆ ಒಮ್ಮೆ ಮಾತ್ರ ಕಾರಣ ಕೇಳಬಹುದು.

‘ಎ ಸರಿಯಿದೆ, ಮುಂದುವರಿಸಿ’ ಎಂದು ಬಂದರೂ ಅಷ್ಟಕ್ಕೇ ಕೆಲಸ ಶುರುಮಾಡಬಾರದು. ಒಪ್ಪಿದ ಮಾದರಿಯ ಎರಡು ಚೀಲಗಳಿಗೆ ಗ್ರಾಹಕರ ಸಹಿ, ದಿನಾಂಕ ಮತ್ತು ಲಾಟ್ ಸಂಖ್ಯೆಯಿರುವ ಚೀಟಿಯನ್ನು ಹೊಲಿಸಿ, ಒಂದನ್ನು ಅವರಲ್ಲಿ, ಒಂದನ್ನು ನಮ್ಮಲ್ಲಿ ಇಡಬೇಕು. ಬರಹದಲ್ಲಿ ಬಂದ ಉತ್ತರವನ್ನು ಮಾದರಿ ರಿಜಿಸ್ಟರಿನಲ್ಲಿ, ಕಳುಹಿಸಿದ ದಿನ, ತಲುಪಿದ ದಿನ, ಕೇಳಿದ ದಿನ, ಉತ್ತರ ಬಂದ ದಿನ ಎಂಬ ನಾಲ್ಕು ಕಲಮುಗಳ ಪಕ್ಕದಲ್ಲಿ, ಅವರು ಬಳಸಿದ ಪದಗಳಲ್ಲೇ ಬರೆದಿಡಬೇಕು. ಇದೇ ಗ್ರಾಹಕರಿಗೆ ಮುಂದಿನ ಮಾದರಿ ಹೋದಾಗ, ಎಷ್ಟನೆಯ ದಿನ ಪತ್ರ ಬರೆಯಬೇಕೆಂದು ಆ ಕಲಮುಗಳನ್ನು ನೋಡಿ ನಿರ್ಧರಿಸಬಹುದು.